ಆಫ್ ಸ್ಟಂಪ್ ಹಾರಿಸಿದ ಬಾಲ್

ಸಂಜೆ ಟೀ ಅಂಗಡಿ ಮುಂದೆ, ಗೆಳೆಯನ ಮೊಬೈಲಿನಲ್ಲಿ ಮತ್ತೆ ಅದೇ ಕ್ಲಿಪ್. 1996ರ ವಿಶ್ವಕಪ್ ಕ್ವಾರ್ಟರ್ ಫೈನಲ್, ನಮ್ಮ ಚಿನ್ನಸ್ವಾಮಿ.

ಪಾಕಿಸ್ತಾನದ ಆಮಿರ್ ಸೊಹೈಲ್ ಫೋರ್ ಬಾರಿಸಿದ.

"ಏನ್ ಶಾಟ್ ಗುರೂ!"

"ಸುಮ್ನಿರೋ, ಮುಂದಿನ ಬಾಲ್ ನೋಡು."

ಸೊಹೈಲ್ ಬ್ಯಾಟ್ ಚಾಚಿ ಬೌಂಡರಿ ಕಡೆ ತೋರಿಸಿದ. ನಮ್ಮ ವೆಂಕಟೇಶ್ ಪ್ರಸಾದ್ ವಾಪಸ್ ನಡೆದರು, ಓಡಿ ಬಂದರು. ಸೊಹೈಲ್ ಮತ್ತೆ ಜೋರಾಗಿ ಬೀಸಿದ. ತಾಗಲೇ ಇಲ್ಲ.

"ಬೌಲ್ಡ್! ಹೋಯ್ತು ಕಣೋ ಸ್ಟಂಪು!" ಎಲ್ಲರೂ ಒಟ್ಟಿಗೆ ಕೂಗಿದೆವು.

288 ಗುರಿ, ಸೊಹೈಲ್ ಆಗಲೇ 55. ಪಂದ್ಯ ಅವರ ಕಡೆ ವಾಲಿತ್ತು. ನನಗೆ ಇಷ್ಟವಾಗೋದು ಪ್ರಸಾದ್ ಆಯ್ಕೆ. ಅಷ್ಟು ಕೆಣಕಿದರೆ ಯಾರಿಗಾದರೂ ಬೌನ್ಸರ್ ಹಾಕೋಣ ಅನ್ಸುತ್ತೆ ಅಲ್ವಾ? ಅವರು ನೇರ ಸ್ಟಂಪಿಗೇ ಹಾಕಿದರು. ಬೀಸಿ ತಪ್ಪಿದರೆ ಔಟ್, ಅಷ್ಟೇ. 39 ರನ್ನಿನಿಂದ ಗೆದ್ದೆವು.