ಬಾಂಡಿನಲ್ಲಿ ನನ್ನ ಸಹಿಗಷ್ಟೇ ಜಾಗವಿತ್ತು

“ನೋಡವಾ ತಂಗಿ, ಎರಡು ವರ್ಷ ನಿನ್ನ ಜಾಗ ಕಾಯ್ತೇವಿ. ನೀ ಬರಲೇ ಇಲ್ಲಂದ್ರ?”

ಬೆಳಗಾವಿಯ ಉದ್ಯಮಬಾಗದ ನಮ್ಮ ಫೌಂಡ್ರಿಯ ಮಾಲೀಕರು ನನ್ನ ಅಧ್ಯಯನ ರಜೆಯ ಅರ್ಜಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು ಕೇಳಿದ ಪ್ರಶ್ನೆ ಇದು. ಸೋಮವಾರದಿಂದ ಇದು ನನ್ನ ತಲೆಯಲ್ಲಿ ಸುತ್ತುತ್ತಿದೆ. ಅವರು ಕೆಟ್ಟವರಲ್ಲ, ಹೆಣ್ಣುಮಗಳೊಬ್ಬಳಿಗೆ ಲ್ಯಾಬಿನ ಹೊಣೆ ಒಪ್ಪಿಸಲು ಈ ಭಾಗದ ಬೇರೆ ಕಾರ್ಖಾನೆಗಳು ಹಿಂದೆಮುಂದೆ ನೋಡುತ್ತಿದ್ದ ಕಾಲದಲ್ಲಿ ಒಪ್ಪಿಸಿದವರು. ಆದರೆ ಆ ಪ್ರಶ್ನೆಯ ಬೆನ್ನಿಗೇ ಆಡಳಿತ ವ್ಯವಸ್ಥಾಪಕರು ಸಿದ್ಧಪಡಿಸಿ ತಂದ ಬಾಂಡಿನ ಕರಡು ಮಾತ್ರ ನನ್ನನ್ನು ತಬ್ಬಿಬ್ಬುಗೊಳಿಸಿತು.

ಗೇಟ್ ಪರೀಕ್ಷೆಯ ಅಂಕಗಳ ಮೇಲೆ ಸುರತ್ಕಲ್ಲಿನ ಎನ್‌ಐಟಿಯಲ್ಲಿ ಎಂ.ಟೆಕ್ ಸೀಟು ಸಿಕ್ಕಿದೆ, ನಾಲ್ಕು ಸೆಮಿಸ್ಟರಿನ ಪೂರ್ಣಾವಧಿ ಕೋರ್ಸು. ನಾನು ಕೇಳಿದ್ದು ಇಪ್ಪತ್ನಾಲ್ಕು ತಿಂಗಳ ವೇತನರಹಿತ ರಜೆ. ವ್ಯವಸ್ಥಾಪಕರು ಉದಾರವಾಗಿಯೇ, “ತಿಂಗಳಿಗೆ ಹತ್ತು ಸಾವಿರ ಕೊಡಸ್ತೇನ್ರೀ, ಕಂಪನಿಯಿಂದ ಪ್ರಾಯೋಜಿತ ಅಭ್ಯರ್ಥಿ ಅಂತ ಪತ್ರ ಬರದುಕೊಡೂಣು” ಎಂದರು. ಇಲ್ಲಿ ಅನೇಕರು ಎಡವುತ್ತಾರೆ. ಗೇಟ್ ಮೂಲಕ ಪೂರ್ಣಾವಧಿಗೆ ಸೇರಿದ ವಿದ್ಯಾರ್ಥಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ, ಎರಡು ವರ್ಷಕ್ಕೆ 2,97,600. ಉದ್ಯೋಗದಾತರಿಂದ ಸಂಬಳ ಪಡೆಯುತ್ತಿರುವವರಿಗೆ, ಪ್ರಾಯೋಜಿತರಾಗಿ ಸೇರಿದವರಿಗೆ ಅದು ಸಿಗುವುದಿಲ್ಲ. ಅಂದರೆ ಹತ್ತು ಸಾವಿರದ ಆಸೆಗೆ ಹನ್ನೆರಡು ಸಾವಿರ ಬಿಟ್ಟು, ಮೇಲಿಂದ ಕಂಪನಿಯ ಖರ್ಚೆಂದು 2,40,000 ರೂಪಾಯಿಯನ್ನು ನನ್ನ ಬಾಂಡಿನ ಲೆಕ್ಕಕ್ಕೆ ನಾನೇ ಸೇರಿಸಿಕೊಂಡಂತೆ ಆಗುತ್ತಿತ್ತು. ಹಣ ಬೇಡ, ಹುದ್ದೆಯನ್ನಷ್ಟೇ ಉಳಿಸಿರಿ ಎಂದು ನಾನು ಹೇಳಿದ್ದಕ್ಕೆ ಕಾರಣ ಇದೇ ಹೊರತು ಸ್ವಾಭಿಮಾನವಲ್ಲ.

ಕರಡಿನಲ್ಲಿದ್ದುದು ಹೀಗೆ. ಮರಳಿದ ಮೇಲೆ ಮೂರು ವರ್ಷ ಸೇವೆ. ತಪ್ಪಿದರೆ ಆರು ಲಕ್ಷ ರೂಪಾಯಿ, ಅದೂ ಮೂರನೆಯ ವರ್ಷದ ಕೊನೆಯ ತಿಂಗಳಲ್ಲಿ ಬಿಟ್ಟರೂ ಅಷ್ಟೇ. ಪದವಿಯ ಮೂಲ ಪ್ರಮಾಣಪತ್ರಗಳು ಕಂಪನಿಯ ಕಪಾಟಿನಲ್ಲಿ. ಕೊನೆಗೆ, ನಾನು ಮರಳಿದಾಗ ‘ಹುದ್ದೆ ಖಾಲಿಯಿದ್ದಲ್ಲಿ’ ನನ್ನನ್ನು ಪರಿಗಣಿಸಲಾಗುವುದು. ಮೂಲ ಪ್ರಮಾಣಪತ್ರಗಳ ಮಾತು ಒಂದೇ ನಿಮಿಷದಲ್ಲಿ ಬಿತ್ತು, ಏಕೆಂದರೆ ಪ್ರವೇಶದ ದಿನ ಸಂಸ್ಥೆಯೇ ಮೂಲ ಪ್ರತಿಗಳನ್ನು ಪರಿಶೀಲಿಸುತ್ತದೆ. ಆದರೆ ನಾನು ಬಂದೇ ಬರಬೇಕು, ಅವರು ಬೇಕಾದರೆ ಮಾತ್ರ ತೆಗೆದುಕೊಳ್ಳುತ್ತಾರೆ ಎನ್ನುವ ಆ ಕೊನೆಯ ಷರತ್ತನ್ನು ವ್ಯವಸ್ಥಾಪಕರು ಯಾವ ಮುಜುಗರವೂ ಇಲ್ಲದೆ ಗಟ್ಟಿಯಾಗಿ ಓದಿದರು. ಸಹಿಯ ಜಾಗವೂ ಒಂದೇ ಇತ್ತು, ನನ್ನದು.

ಆರು ಲಕ್ಷ ಎಲ್ಲಿಂದ ಬಂತು ಎಂದು ಕೇಳಿದಾಗ ಅವರು ಪತ್ರಿಕೆಯ ತುಣುಕೊಂದನ್ನು ಮುಂದಿಟ್ಟರು. ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ, ಮೂರು ವರ್ಷ ಪೂರೈಸದೆ ಕೆಲಸ ಬಿಟ್ಟ ಅಧಿಕಾರಿ ಎರಡು ಲಕ್ಷ ಕೊಡಬೇಕೆಂಬ ಷರತ್ತನ್ನು ಎತ್ತಿಹಿಡಿದ ಸುದ್ದಿ ಅದು. ಬಾಂಡುಗಳೆಲ್ಲ ಕಾಗದದ ಹುಲಿ ಎಂದು ನಮ್ಮ ಗೆಳೆಯರ ಗುಂಪಿನಲ್ಲಿ ಹೇಳುವವರಿಗೆ ಅದು ಉತ್ತರವೇ ಸರಿ. ಆದರೆ ಅಲ್ಲಿ ನ್ಯಾಯಾಲಯ ನೋಡಿದ್ದು, ಸಾರ್ವಜನಿಕ ವಲಯದ ಬ್ಯಾಂಕು ಒಂದು ಹುದ್ದೆ ತುಂಬಲು ಮತ್ತೆ ಜಾಹೀರಾತು, ಪರೀಕ್ಷೆ, ಸಂದರ್ಶನಗಳ ಖರ್ಚು ಮಾಡಬೇಕಾಗುತ್ತದೆ ಎಂಬುದನ್ನು. 1872ರ ಕರಾರು ಕಾಯ್ದೆಯ 74ನೆಯ ಕಲಂ ಕೂಡ, ಕರಾರಿನಲ್ಲಿ ಬರೆದ ಮೊತ್ತವನ್ನು ಮೀರದಂತೆ ಸಮಂಜಸವಾದ ಪರಿಹಾರ ಎನ್ನುತ್ತದೆಯೇ ವಿನಾ ಬರೆದಷ್ಟನ್ನೂ ಕೊಡಲೇಬೇಕು ಎನ್ನುವುದಿಲ್ಲ. ಹಾಗಾದರೆ ನಾನು ಬರದಿದ್ದರೆ ನಮ್ಮ ಫೌಂಡ್ರಿಗೆ ನಿಜವಾಗಿ ಆಗುವ ನಷ್ಟವೆಷ್ಟು? ಆ ರಾತ್ರಿ ಕುಳಿತು ಅದನ್ನೇ ಲೆಕ್ಕ ಹಾಕಿದೆ.

ನಮ್ಮದು ಎಸ್‌ಜಿ ಐರನ್, ಅಂದರೆ ಒಳಗಿನ ಗ್ರಾಫೈಟ್ ದುಂಡು ಗುಂಡುಗಳಾಗಿ ನಿಲ್ಲುವ ಕಬ್ಬಿಣದ ಎರಕ. ಕರಗಿದ ಕಬ್ಬಿಣಕ್ಕೆ ಮೆಗ್ನೀಸಿಯಂ ಬೆರೆಸಿದ ಮೇಲೆ ಅದರ ಪರಿಣಾಮ ನಿಮಿಷನಿಮಿಷಕ್ಕೂ ಇಳಿಯುತ್ತದೆ. ಎರಕ ಹೊಯ್ಯುವುದು ತಡವಾದರೆ ಗ್ರಾಫೈಟ್ ದುಂಡಗೆ ನಿಲ್ಲದೆ ಆಕಾರಗೆಡುತ್ತದೆ. ಕರಗಿದ ಕಬ್ಬಿಣ ಹೊಯ್ಯುವ ಕೊನೆಯ ಲ್ಯಾಡಲ್‌ನ ಮಾದರಿಯನ್ನು ಕತ್ತರಿಸಿ, ಪಾಲಿಶ್ ಮಾಡಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಆ ಗುಂಡುಗಳನ್ನು ನೋಡಿ ಮಾಲು ಹೋಗಲಿ ಅಥವಾ ನಿಲ್ಲಲಿ ಎಂದು ಸಹಿ ಮಾಡುವುದು ನನ್ನ ಕೆಲಸ. ಮಾಲೀಕರ ಭಯ ಇರುವುದು ಈ ಸಹಿಯ ಬಗ್ಗೆ, ಮತ್ತು ಅದು ಸುಳ್ಳು ಭಯವಲ್ಲ. ಮರಳು ಪರೀಕ್ಷೆ ನೋಡಿಕೊಳ್ಳುವ ಹುಡುಗ ಚುರುಕಾಗಿದ್ದಾನೆ, ಆದರೆ ಅವನ ಕಣ್ಣು ಪಳಗಲು ಮೂರು ತಿಂಗಳಾದರೂ ಬೇಕು. ಅವನ ಜಾಗಕ್ಕೆ ಬರುವವನ ಮೂರು ತಿಂಗಳ ಸಂಬಳ ತಿಂಗಳಿಗೆ 28,000ದಂತೆ 84,000. ಆ ಅವಧಿಯಲ್ಲಿ ಅನುಮಾನ ಬಂದ ಮಾದರಿಗಳನ್ನು ಹೊರಗಿನ ಲ್ಯಾಬಿಗೆ ಕಳಿಸುವುದು ಮತ್ತು ನೇಮಕಾತಿಯ ಖರ್ಚು ಸೇರಿ 36,000. ಒಟ್ಟು 1,20,000.

ಮರುದಿನ ಇದನ್ನೇ ಬರೆದುಕೊಟ್ಟೆ. ಬಾಂಡಿನ ಮೊತ್ತ 1,20,000, ಮರಳಿದ ಮೇಲೆ ಎರಡು ವರ್ಷ ಸೇವೆ, ಪೂರೈಸಿದ ಪ್ರತಿ ತಿಂಗಳಿಗೆ 5,000 ಕಡಿತ. ಹದಿನೈದು ತಿಂಗಳು ದುಡಿದು ಬಿಟ್ಟರೆ 45,000 ಕೊಡಬೇಕು, ಬರಲೇ ಇಲ್ಲವೆಂದರೆ ಪೂರ್ತಿ. ಪ್ರಬಂಧ ಸಲ್ಲಿಕೆ ತಡವಾಗುವುದು ಎಂ.ಟೆಕ್‌ನಲ್ಲಿ ಸಾಮಾನ್ಯವಾದ್ದರಿಂದ ಮೂರು ತಿಂಗಳವರೆಗಿನ ವಿಸ್ತರಣೆ ಷರತ್ತು ಮೀರಿದಂತಲ್ಲ. ಈಗಿನ ದರ್ಜೆಗಿಂತ ಕಡಿಮೆಯಲ್ಲದ ಹುದ್ದೆಯನ್ನು, ನಾನು ವರದಿ ಮಾಡಿಕೊಂಡ ಮೂವತ್ತು ದಿನದೊಳಗೆ ಕಂಪನಿ ಕೊಡದಿದ್ದರೆ ಬಾಂಡು ರದ್ದು.

ಮಾಲೀಕರು ಮತ್ತೆ ಅದನ್ನೇ ಕೇಳಿದರು: “ಬರಲೇ ಇಲ್ಲಂದ್ರ?”

“ಸಾಹೇಬರ, ಬರೂದಿಲ್ಲ ಅನ್ನೂದಿದ್ರ ನಾ ಒಂದು ತಿಂಗಳ ನೋಟೀಸ್ ಕೊಟ್ಟು ಹೋಗ್ತಿದ್ದೆ. ಹೋದ ವರ್ಷ ಮೆಲ್ಟಿಂಗ್ ಸೂಪರ್‌ವೈಸರ್ ಹಂಗ ಹೋದ್ರಲ್ಲ, ಅವರ ಕಡೆ ಏನ್ ಬರಸ್ಕೊಂಡ್ರಿ?”

ಅವರು ನಕ್ಕರು, ವ್ಯವಸ್ಥಾಪಕರು ನಗಲಿಲ್ಲ. ನನಗೆ ಈ ವಾರವಿಡೀ ಕಾಡಿದ್ದು ಇದೇ. ರಾಜೀನಾಮೆ ಕೊಡುವವನು ಒಂದು ತಿಂಗಳಲ್ಲಿ ಋಣಮುಕ್ತ. ಮರಳಿ ಬರುತ್ತೇನೆ ಎಂದು ಮೊದಲೇ ಬಾಯಿಬಿಟ್ಟು ಹೇಳಿದವಳಿಗೆ ಆರು ಲಕ್ಷದ ಜವಾಬ್ದಾರಿ. ಸರಕಾರಿ ನೌಕರಿಯ ಮಾತು ಬೇರೆ: ಕೇಂದ್ರದ ರಜೆ ನಿಯಮಗಳಲ್ಲಿ ಅಧ್ಯಯನ ರಜೆಗೆ ಬಾಂಡು ಕೇಳುತ್ತಾರೆ ನಿಜ, ಆದರೆ ರಜೆಯ ಅವಧಿಯಲ್ಲಿ ರಜಾ ವೇತನವನ್ನೂ ಕೊಡುತ್ತಾರೆ. ಖಾಸಗಿಯವರು ಅಲ್ಲಿಂದ ಬಾಂಡನ್ನು ತಂದರು, ವೇತನವನ್ನು ಅಲ್ಲೇ ಬಿಟ್ಟುಬಂದರು. ಹೆಣ್ಣುಮಗಳಾದ್ದರಿಂದ ‘ಬರಲೇ ಇಲ್ಲಂದ್ರ’ ಎನ್ನುವುದರೊಳಗೆ ಮದುವೆಯೂ ಅಡಗಿತ್ತು ಎಂಬುದು ನನ್ನ ಗುಮಾನಿ. ಅವರು ಆಡಲಿಲ್ಲ, ನಾನೂ ಕೆದಕಲಿಲ್ಲ.

ನಿನ್ನೆ ಸಂಜೆ ಪರಿಷ್ಕೃತ ಕರಡು ಬಂತು. ಮೊತ್ತ 1,50,000, ಅವಧಿ ಎರಡೂವರೆ ವರ್ಷ, ತಿಂಗಳ ಕಡಿತ 5,000 ಹಾಗೆಯೇ ಇದೆ, ವಿಸ್ತರಣೆಯ ಷರತ್ತೂ ಇದೆ. ‘ಹುದ್ದೆ ಖಾಲಿಯಿದ್ದಲ್ಲಿ’ ಎಂಬುದರ ಮೇಲೆ ಮಾಲೀಕರೇ ಕೆಂಪು ಪೆನ್ನಿನಿಂದ ಗೆರೆ ಎಳೆದಿದ್ದಾರೆ, ಕಂಪನಿಯ ಪರವಾಗಿ ಸಹಿ ಹಾಕುವ ಜಾಗವನ್ನೂ ಬಿಟ್ಟಿದ್ದಾರೆ. ಆರು ತಿಂಗಳು ಹೆಚ್ಚಾಯಿತು, ಇರಲಿ. ಅದರ ಬದಲಿಗೆ, ಈ ಕರಡಿನಲ್ಲಿ ಹೊಸದಾಗಿ ಸೇರಿಸಿರುವ, ಅಪ್ಪನ ಜಾಮೀನು ಸಹಿ ಬೇಕೆಂಬ ಸಾಲನ್ನು ತೆಗೆಯಿರಿ ಎಂದು ಕೇಳಿದ್ದೇನೆ. ಕರಾರು ನನ್ನ ಮತ್ತು ಕಂಪನಿಯ ನಡುವಿನದು, ಖಾನಾಪುರದ ಹೊಲದ ಉತಾರಕ್ಕೆ ಇದರಲ್ಲಿ ಕೆಲಸವಿಲ್ಲ. ಅದಕ್ಕೆ ಒಪ್ಪಿದರೆ ಮುಂದಿನ ವಾರ ಛಾಪಾ ಕಾಗದಕ್ಕೆ ಹೋಗುತ್ತದೆ.