ಹೆಸರಿಲ್ಲದಿದ್ದರೂ ಗುರುತು ಸಿಗುತ್ತದೆ

ನಮ್ಮ ಐಸಿಯುವಿನ ಕಿರಿಯ ನರ್ಸ್ ಒಬ್ಬಳು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಅರ್ಜಿ ಹಾಕಲು ಹೊರಟಿದ್ದಳು. ಬೆಳಗಿನ ಪಾಳಿ ಒಪ್ಪಿಸಿ ಊಟಕ್ಕೆ ಕುಳಿತಾಗ ತನ್ನ ಪರಿಚಯ ಪುಟವನ್ನು ಮುಂದಿಟ್ಟು, "ಅಕ್ಕಾ, ಒಮ್ಮೆ ಓದಿ ನೋಡಿ" ಎಂದಳು.

ಪರವಾನಗಿಯ ಭಾಗ ಬೇಗ ಮುಗಿಯಿತು. "ನೋಂದಾಯಿತ ನರ್ಸ್" ಎಂದಷ್ಟೇ ಬರೆದಿದ್ದಳು. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ, ಅದು ಎಲ್ಲಿಯವರೆಗೆ ಚಾಲ್ತಿಯಲ್ಲಿದೆ ಎಂಬುದನ್ನು ಸೇರಿಸಿದೆವು. ತುರ್ತು ಜೀವರಕ್ಷಣೆಯ ತರಬೇತಿಗಳಾದ ಬಿಎಲ್ಎಸ್, ಎಸಿಎಲ್ಎಸ್ ಪ್ರಮಾಣಪತ್ರಗಳ ಅವಧಿ ಎರಡೇ ವರ್ಷವಾದ್ದರಿಂದ ಅವುಗಳ ಪಕ್ಕದಲ್ಲೂ ದಿನಾಂಕ ಬಂತು. "ಕ್ರಿಟಿಕಲ್ ಕೇರ್ ತಜ್ಞೆ" ಎಂಬ ಮಾತನ್ನು ಮಾತ್ರ ತೆಗೆಸಿದೆ. ಅದಕ್ಕೆಂದೇ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ. ಅವಳು ಅದನ್ನು ಓದಿಲ್ಲ. ವೆಂಟಿಲೇಟರ್ ರೋಗಿಯನ್ನು ಒಬ್ಬಳೇ ನೋಡಿಕೊಳ್ಳುತ್ತಾಳೆ, ಹಾಸಿಗೆ ಪಕ್ಕದ ಡಯಾಲಿಸಿಸ್‌ಗೆ ಹಿರಿಯರು ಜೊತೆಗಿರಬೇಕು. ಹಾಗೆಯೇ ಬರೆಸಿದೆ. ಸಂದರ್ಶನದಲ್ಲಿ ಮೊದಲು ಕೆದಕುವುದು ಇದನ್ನೇ.

ಆಮೇಲೆ ಬಂತು ಅವಳ ಹೆಮ್ಮೆಯ ಸಾಲು: ಹಾವು ಕಚ್ಚಿ ಉಸಿರು ಸೋತಿದ್ದ, ಇಂಥ ಊರಿನ ಶಾಲೆಯ ಮುಖ್ಯೋಪಾಧ್ಯಾಯರೊಬ್ಬರನ್ನು ಕಳೆದ ಮಳೆಗಾಲದಲ್ಲಿ ಉಳಿಸಿದ ಕತೆ. (ಇಲ್ಲಿ ನಾನು ಕಸುಬು, ಕಾಲ ಎರಡನ್ನೂ ಬದಲಿಸಿದ್ದೇನೆ.)

"ಹೆಸರು ಹಾಕಿಲ್ಲವಲ್ಲ ಅಕ್ಕಾ?"

"ಆ ಊರಿಗೆ ಎಷ್ಟು ಜನ ಮುಖ್ಯೋಪಾಧ್ಯಾಯರು? ಅವರಲ್ಲಿ ಹಾವು ಕಚ್ಚಿಸಿಕೊಂಡವರು ಎಷ್ಟು?"

ಸುಮ್ಮನಾದಳು. ಊರು, ಕಸುಬು, ತಿಂಗಳು, ಕಾಯಿಲೆ ಒಂದೇ ಸಾಲಿನಲ್ಲಿ ಕೂಡಿದರೆ ಹೆಸರು ಬೇಕಾಗುವುದೇ ಇಲ್ಲ. ರೋಗಿಯನ್ನು ಬಿಟ್ಟು ಕೆಲಸವನ್ನು ಹಿಡಿದು ಮತ್ತೆ ಬರೆದೆವು: ವಿಷದಿಂದ ಉಸಿರಾಟದ ಸ್ನಾಯುಗಳು ಸೋತ ವಯಸ್ಕರ ವೆಂಟಿಲೇಟರ್ ಆರೈಕೆ, ಹಾಸಿಗೆಯ ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸಿಡುವುದು, ಶ್ವಾಸನಾಳಕ್ಕೆ ಹಾಕಿದ ಟ್ಯೂಬಿನ ಸುತ್ತ ಗಾಳಿ ತುಂಬಿದ ಪಟ್ಟಿಯ, ಅಂದರೆ ಕಫ್‌ನ, ಒತ್ತಡವನ್ನು 20ರಿಂದ 30 ಸೆಂ.ಮೀ. ನೀರಿನ ಮಟ್ಟದಲ್ಲಿ ಕಾಯುವುದು, ಕಫ ಹೀರಿ ತೆಗೆಯುವುದು. ನರ್ಸ್ ಆದವರಿಗೆ ಇದು ಕತೆಗಿಂತ ಹೆಚ್ಚು ಹೇಳುತ್ತದೆ.

"ನನ್ನ ಆರೈಕೆಯಲ್ಲಿ ಸೆಂಟ್ರಲ್ ಲೈನ್ ಸೋಂಕು ಶೂನ್ಯ" ಎಂಬ ಸಾಲಿನ ಬಳಿ ಹೆಚ್ಚು ಹೊತ್ತು ನಿಂತೆವು. ಸೆಂಟ್ರಲ್ ಲೈನ್ ಎಂದರೆ ದೊಡ್ಡ ರಕ್ತನಾಳಕ್ಕೆ ಹಾಕಿಡುವ ನಳಿಕೆ. ಎಷ್ಟರಲ್ಲಿ ಶೂನ್ಯ? ದಿನವೂ ಒಂದೇ ಹೊತ್ತಿಗೆ ಲೈನ್ ಇರುವ ರೋಗಿಗಳನ್ನು ಎಣಿಸಿ ಕೂಡುತ್ತಾ ಹೋದರೆ ಲೈನ್ ದಿನಗಳು ಸಿಗುತ್ತವೆ. 500 ಲೈನ್ ದಿನಗಳಲ್ಲಿ ಒಂದು ಸೋಂಕಾದರೆ ದರ ಸಾವಿರ ಲೈನ್ ದಿನಗಳಿಗೆ ಎರಡು. ಹತ್ತಿಪ್ಪತ್ತು ದಿನಗಳ ಶೂನ್ಯಕ್ಕೆ ಅರ್ಥವಿಲ್ಲ. ಮೇಲಾಗಿ ಒಂದೇ ಲೈನನ್ನು ಮೂರು ಪಾಳಿಯವರು ಮುಟ್ಟುತ್ತಾರೆ, ವೈದ್ಯರು ಹಾಕುತ್ತಾರೆ. ಫಲಿತಾಂಶ ಇಡೀ ಘಟಕದ್ದು. ಅವಳ ಪಾಲು ಬೇರೆ: ಲೈನ್ ಇನ್ನೂ ಬೇಕೇ ಎಂದು ಪ್ರತಿ ಬೆಳಿಗ್ಗೆ ರೌಂಡ್ಸ್‌ನಲ್ಲಿ ಕೇಳುವ ಪಟ್ಟಿಯನ್ನು ನಡೆಸುತ್ತಿದ್ದವಳು ಅವಳೇ. ಅದನ್ನು ಧೈರ್ಯವಾಗಿ ಬರೆಸಿದೆ.

ಘಟಕದ ದರವನ್ನು ಹೊರಗೆ ಹೇಳಲು ಆಸ್ಪತ್ರೆಯ ಒಪ್ಪಿಗೆ ಬೇಕು. ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಪತ್ರ ಕೊಟ್ಟಿದ್ದಾಳೆ, ಉತ್ತರ ಬಂದಿಲ್ಲ. ಅರ್ಜಿಯ ಕೊನೆಯ ದಿನ ಹತ್ತಿರವಾದ್ದರಿಂದ ಆ ಸಾಲನ್ನು ಅಂಕಿಯಿಲ್ಲದೆಯೇ ಕಳುಹಿಸಿದಳು.