ಮೂರೇ ಜನ ಉಳಿದಾಗ 'ಗುಡ್' ಅಂದ ಕೋಚ್

ದಾವಣಗೆರೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಅಫಿಡವಿಟ್, ಪಂಚಾಯ್ತಿ ಅರ್ಜಿ, ಜೊತೆಗೆ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ. ಅನುವಾದ ಅಂದರೆ ಹೆಚ್ಚಾಗಿ ಬ್ಯಾಂಕಿನ ನೋಟಿಸು, ಕಂಪನಿ ಪತ್ರಗಳು. ಭಾಷಣ ಬರೆದುಕೊಡಿ ಅಂತ ಯಾರೂ ಬಂದಿರಲಿಲ್ಲ.

ಹೋದ ವರ್ಷ ಜಗಳೂರು ಕಡೆಯ ಒಂದು ಹಳ್ಳಿಯ ಯುವಕರ ಕ್ರೀಡಾ ಸಂಘದ ಅಧ್ಯಕ್ಷರು ಬಂದರು. ಮೆಕ್ಕೆಜೋಳ ಬೆಳೆಯೋ ರೈತರು, ವಯಸ್ಸು ನಲವತ್ತೈದರ ಮೇಲೆ. ಜೊತೆಗೆ ಅವರ ಅಕ್ಕನ ಮಗ, ತಂಡದ ರೈಡರ್. ಕೈಯಲ್ಲಿ ಎರಡು ಹಾಳೆ ಇಂಗ್ಲಿಷ್. ಸಂಘದ ಕಬಡ್ಡಿ ಕೋಚ್ ಆಂಧ್ರದ ಕಡೆಯವರು. ಕನ್ನಡ ಮಾತಾಡುತ್ತಾರೆ, ಬರೆಯಲು ಬಾರದು. ಟೂರ್ನಮೆಂಟ್‌ಗೆ ಹೊರಡುವ ಹಿಂದಿನ ರಾತ್ರಿ ಹುಡುಗರಿಗೆ ಏನು ಹೇಳಬೇಕು ಅಂತ ನೋಟ್ಸ್ ಮಾಡಿಕೊಟ್ಟಿದ್ದರು. ಓದಬೇಕಾದವರು ಅಧ್ಯಕ್ಷರು.

'ಸ್ವಲ್ಪ ಜೋರಾಗಿ ಬರೀರಿ ಸರ್, ಹುಡುಗ್ರಿಗೆ ಬಿಸಿ ಏರಬೇಕು' ಅಂದರು.

ನಾನು ಅದನ್ನೇ ಹಿಡಿದುಕೊಂಡೆ. ಛಲ, ಸಾಧನೆ, ಗುರಿ, ಇತಿಹಾಸ ಎಲ್ಲ ಹಾಕಿ ಸಂಜೆಯೊಳಗೆ ಮೂರು ಪುಟ ಮುಗಿಸಿದೆ. ಮಾರನೇ ದಿನ ಮಾವ, ಅಳಿಯ ಇಬ್ಬರೂ ಬಂದರು. ಅಂಗಡಿಯಲ್ಲೇ ಒಮ್ಮೆ ಓದಿ ನೋಡಿ ಅಂದೆ. ಈಗ ಯೋಚಿಸಿದರೆ ಆ ಕೆಲಸದಲ್ಲಿ ನಾನು ಸರಿಯಾಗಿ ಮಾಡಿದ್ದು ಅದೊಂದೇ.

ಮೊದಲ ಪುಟದಲ್ಲೇ ಹುಡುಗ ನಕ್ಕ. ನಾನು 'ಮಾಡು ಇಲ್ಲವೇ ಮಡಿ ದಾಳಿ' ಅಂತ ಬರೆದಿದ್ದೆ. ನೋಟ್ಸ್‌ನಲ್ಲಿ 'ಡೂ ಆರ್ ಡೈ ರೈಡ್' ಅಂತ ಇತ್ತು. 1942ರ ಘೋಷಣೆ ಯಾರಿಗೆ ಗೊತ್ತಿಲ್ಲ, ಅದನ್ನೇ ಇಟ್ಟೆ. 'ಅಣ್ಣ, ಇದು ಸ್ವಾತಂತ್ರ್ಯ ದಿನದ ಭಾಷಣ ಆಯ್ತಲ್ಲ. ನಾವ್ಯಾರೂ ದಾಳಿಗೆ ಹೋಗಲ್ಲ, ರೈಡ್‌ಗೆ ಹೋಗ್ತೀವಿ' ಅಂದ.

ಪದ ಬದಲಾಯಿಸಿದರೆ ಮುಗೀತು ಅಂದುಕೊಂಡೆ. ಆಮೇಲೆ ಅವನು ಆ ರೈಡ್ ಅಂದರೆ ಏನು ಅಂತ ಹೇಳಿದ. ಒಂದು ತಂಡ ಸತತ ಎರಡು ರೈಡ್‌ನಲ್ಲಿ ಪಾಯಿಂಟ್ ತರದೆ ಖಾಲಿ ವಾಪಸ್ ಬಂದರೆ, ಮೂರನೇ ರೈಡ್ ಡೂ ಆರ್ ಡೈ. ಅದರಲ್ಲೂ ಖಾಲಿ ಬಂದರೆ ರೈಡರ್ ಔಟ್, ಎದುರಿನವರಿಗೆ ಒಂದು ಪಾಯಿಂಟ್. ಪ್ರೊ ಕಬಡ್ಡಿ ನೋಡಿ ಬೆಳೆದ ಹುಡುಗರಿಗೆ ಇದು ಬಾಯಿಪಾಠ. ಕೋಚ್ ಬರೆದಿದ್ದು ಹೀಗೆ: ನಮ್ಮ ಹಿಂದೆ ಎರಡು ಖಾಲಿ ರೈಡ್ ಇವೆ, ಇದು ಡೂ ಆರ್ ಡೈ. ನಾನು ಅದನ್ನು ಯಾವುದೋ ಮ್ಯಾಚಿನ ಮಾತು ಅಂತ ಹಾಗೇ ಅನುವಾದ ಮಾಡಿದ್ದೆ. 'ಎರಡು ಖಾಲಿ ರೈಡ್ ಅಂದ್ರೆ ಹಿಂದಿನ ಎರಡು ಟೂರ್ನಮೆಂಟ್ ಅಣ್ಣ. ಎರಡರಲ್ಲೂ ಮೊದಲ ಮ್ಯಾಚಲ್ಲೇ ಸೋತು ಬಂದ್ವಿ' ಅಂದ ಹುಡುಗ. ಅಧ್ಯಕ್ಷರು ಕುರ್ಚಿಯಲ್ಲಿ ಸ್ವಲ್ಪ ಸರಿದು ಕೂತರು. ಎರಡು ಸೋಲನ್ನು ಸೋಲು ಅನ್ನದೆ, ಯಾರ ಕಡೆಗೂ ಬೊಟ್ಟು ಮಾಡದೆ, ಹುಡುಗರ ಭಾಷೆಯಲ್ಲೇ ಹೇಳಿದ ಮಾತದು. ನಾನು ಅದನ್ನು ಕೊಂದು ಹಾಕಿದ್ದೆ.

ಇದಕ್ಕಿಂತ ದೊಡ್ಡ ತಪ್ಪು ಎರಡನೇ ಪುಟದಲ್ಲಿತ್ತು. ನೋಟ್ಸ್‌ನಲ್ಲಿ ಒಂದು ಸಾಲು: 'ಡೌನ್ ಟು ತ್ರೀ? ಗುಡ್.' ಅಂಕಣದಲ್ಲಿ ಏಳು ಜನರಲ್ಲಿ ಮೂವರೇ ಉಳಿದರೆ ಗುಡ್ ಯಾಕಾಗುತ್ತೆ? ಕೋಚ್ ಅವಸರದಲ್ಲಿ ಬರೆದಿರಬೇಕು ಅಂತ ನಾನೇ ಸರಿಪಡಿಸಿದೆ. 'ಮೂವರೇ ಉಳಿದರೂ ಎದೆಗುಂದಬೇಡಿ, ಧೈರ್ಯದಿಂದ ಹೋರಾಡಿ.' ಓದಲು ಚೆನ್ನಾಗಿತ್ತು.

ಆದರೆ ಕೋಚ್ ಹೇಳಿದ್ದು ಲೆಕ್ಕ. ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಇದ್ದಾಗ ಎದುರಿನ ರೈಡರ್‌ನನ್ನು ಹಿಡಿದರೆ ಅದು ಸೂಪರ್ ಟ್ಯಾಕಲ್. ಮಾಮೂಲಿ ಹಿಡಿತಕ್ಕೆ ಒಂದು ಪಾಯಿಂಟ್, ಇದಕ್ಕೆ ಎರಡು. ಮೇಲಾಗಿ ಹೊರಗೆ ಕೂತ ನಮ್ಮವನೊಬ್ಬ ಒಳಗೆ ಬರುತ್ತಾನೆ. ಅಂದರೆ ಮೂವರಿದ್ದಾಗ ಒಂದು ಹಿಡಿತದ ಬೆಲೆ ಡಬಲ್. ಅಪಾಯವೂ ಇದೆ. ಉಳಿದವರೆಲ್ಲ ಔಟಾದರೆ ಆಲೌಟ್, ಎದುರಿನವರಿಗೆ ಎರಡು ಪಾಯಿಂಟ್ ಜಾಸ್ತಿ. ಅದಕ್ಕೇ ಕೋಚ್ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದರು: ಕಾದು ಹಿಡಿಯಿರಿ, ಒಬ್ಬನೇ ನುಗ್ಗಬೇಡಿ. ನಾನು ಬರೆದಿದ್ದ 'ಧೈರ್ಯದಿಂದ ಹೋರಾಡಿ' ಕೇಳಿದವನು ಮಾಡೋದೇ ಒಬ್ಬನೇ ನುಗ್ಗೋದು. ಸಮಾಧಾನ ಹೇಳಲು ಹೋಗಿ ಉಲ್ಟಾ ಸಲಹೆ ಕೊಟ್ಟಿದ್ದೆ.

ಅವತ್ತು ಮಧ್ಯಾಹ್ನ ಮಂಡಕ್ಕಿ ಮಿರ್ಚಿ ತರಿಸಿಕೊಂಡು ಹುಡುಗನ ಪಕ್ಕ ಕೂತೆ. ನೋಟ್ಸ್‌ನ ಒಂದೊಂದು ಸಾಲನ್ನೂ ಅವನಿಗೆ ಓದಿ ಹೇಳಿದೆ, ಇದನ್ನು ಗ್ರೌಂಡಲ್ಲಿ ಹೆಂಗೆ ಹೇಳ್ತೀರಿ ಅಂತ ಕೇಳಿದೆ. ನನ್ನ ಛಲ, ಸಾಧನೆ ಎಲ್ಲ ಒಂದೊಂದಾಗಿ ಹೊರಗೆ ಬಿದ್ದವು. 'ಮೂರೇ ಜನ ಇದೀವಾ? ಒಳ್ಳೇದಾಯ್ತು. ಈಗ ಹಿಡಿದ್ರೆ ಎರಡು' ಅಂತಾಯಿತು ಆ ಸಾಲು.

'ಎಲ್ಲವನ್ನೂ ಮ್ಯಾಟ್ ಮೇಲೆ ಬಿಟ್ಟು ಬನ್ನಿ' ಅನ್ನೋ ಸಾಲಿಗೆ ಅಧ್ಯಕ್ಷರೇ ತಡೆದರು. 'ಏನ್ ಬಿಟ್ಟು ಬರೋದ್ರಿ, ಚಪ್ಲಿನಾ?' ಇಂಗ್ಲಿಷಿನಲ್ಲಿ ಅದು ಮಾಮೂಲಿ ಮಾತು, ಕನ್ನಡದಲ್ಲಿ ಸನ್ಯಾಸ ತಗೊಂಡ ಹಾಗೆ ಕೇಳುತ್ತೆ. 'ಮೈಯಲ್ಲಿರೋ ಕಸುವೆಲ್ಲ ಅಲ್ಲೇ ಖರ್ಚು ಮಾಡಿ ಬರ್ರಿ' ಅಂದರು ಅವರು. ಅದನ್ನೇ ಬರೆದುಕೊಂಡೆ.

ಇನ್ನೊಂದು ಸಂಗತಿ ಅವರು ಜೋರಾಗಿ ಓದಿದಾಗಲೇ ಗೊತ್ತಾಗಿದ್ದು. ನನ್ನ ಒಂದು ಸಾಲು ಹೀಗಿತ್ತು: 'ಎದುರಾಳಿ ಬಲಿಷ್ಠನೆಂದು, ಮ್ಯಾಟ್ ನಮಗೆ ಹೊಸದೆಂದು, ನಮ್ಮೂರು ಚಿಕ್ಕದೆಂದು ಹಿಂಜರಿಯಬೇಡಿ.' ಇಂಗ್ಲಿಷಿನಲ್ಲಿ 'ಡೋಂಟ್' ಮೊದಲೇ ಬರುತ್ತೆ. ಕನ್ನಡದಲ್ಲಿ 'ಬೇಡಿ' ಬರೋದು ಕೊನೆಗೆ. ಅಲ್ಲಿಗೆ ಬರುವಷ್ಟರಲ್ಲಿ ಅಧ್ಯಕ್ಷರ ಉಸಿರು ಮುಗಿದು 'ಬೇಡಿ' ಬಾಯೊಳಗೇ ಉಳಿಯಿತು. ಕೇಳಿಸಿದ್ದೇನು? ಎದುರಾಳಿ ಬಲಿಷ್ಠ, ಮ್ಯಾಟ್ ಹೊಸದು, ಊರು ಚಿಕ್ಕದು. ಮಣ್ಣಲ್ಲಿ ಆಡಿ ಬೆಳೆದ ಹುಡುಗರಿಗೆ ಹಿಂದಿನ ರಾತ್ರಿ ಇದನ್ನೇ ನೆನಪಿಸಿ ಕಳಿಸಿದ ಹಾಗಾಗುತ್ತಿತ್ತು. ಕಾಗದದ ಮೇಲೆ ಕಣ್ಣು ಇಡೀ ಸಾಲನ್ನು ಒಟ್ಟಿಗೆ ನೋಡುತ್ತೆ, ತೊಂದರೆ ಕಾಣಲ್ಲ. ಕಿವಿಗೆ ಒಂದೊಂದೇ ಪದ ಬೀಳೋದು.

ಅದನ್ನು ಒಡೆದೆ. 'ಎದುರಿಗಿರೋರು ಗಟ್ಟಿ ಇದ್ದಾರೆ. ಇರಲಿ. ಮ್ಯಾಟ್ ನಮಗೆ ಹೊಸದು. ಇರಲಿ. ನಮ್ಮೂರು ಚಿಕ್ಕದು. ಇರಲಿ.' ಭಾಷಣದ ತುಂಬ 'ಬೇಡಿ' ಇರೋ ಸಾಲುಗಳನ್ನು ಹುಡುಕಿ, ನಾಲ್ಕು ಪದಕ್ಕಿಂತ ಉದ್ದ ಇದ್ದವನ್ನೆಲ್ಲ ಹೀಗೇ ತುಂಡು ಮಾಡಿದೆ. ಮೂರು ಪುಟ ಇದ್ದದ್ದು ಒಂದೂಕಾಲು ಪುಟ ಆಯಿತು. ದುಡ್ಡು ಮಾತ್ರ ಮೂರು ಪುಟದ್ದೇ ಕೊಟ್ಟರು, ಬೇಡ ಅಂದರೂ ಕೇಳಲಿಲ್ಲ.

ಆ ರಾತ್ರಿ ನಾನೂ ಹೋಗಿದ್ದೆ. ಆಂಜನೇಯನ ಗುಡಿ ಮುಂದೆ ಒಂದು ಟ್ಯೂಬ್‌ಲೈಟ್, ಕೆಳಗೆ ಹೊಸ ಜೆರ್ಸಿ ಹಾಕಿಕೊಂಡು ಕೂತ ಹುಡುಗರು. ಎರಡು ಖಾಲಿ ರೈಡ್ ಅಂದಾಗ ಯಾರೂ ನಗಲಿಲ್ಲ, ಒಂದಿಬ್ಬರು ತಲೆ ತಗ್ಗಿಸಿದರು. ಎರಡನೇ 'ಇರಲಿ'ಗೆ ಹಿಂದಿನ ಸಾಲಿನ ಯಾರೋ ದನಿಗೂಡಿಸಿದ. ಮೂರನೆಯದನ್ನು ಎಲ್ಲರೂ ಸೇರಿ ಕೂಗಿದರು. ಪಕ್ಕದಲ್ಲಿ ನಿಂತಿದ್ದ ಕೋಚ್ ನನ್ನ ಕಡೆ ತಿರುಗಿ, 'ಇದು ನನ್ನ ನೋಟ್ಸಲ್ಲಿ ಇರಲಿಲ್ಲ ಅಲ್ವಾ?' ಅಂದರು.

ಕೊನೆಗೆ ನಾನೊಂದು ಒಳ್ಳೆಯ ಸಾಲು ಇಟ್ಟಿದ್ದೆ, ಗೆಲುವಿನ ಬಗ್ಗೆ. ಅಧ್ಯಕ್ಷರು ಅದನ್ನು ಓದಲೇ ಇಲ್ಲ. ಆಮೇಲೆ ಹಾಳೆ ಇಸಿದುಕೊಂಡು ನೋಡಿದರೆ ಅದರ ಮೇಲೆ ಪೆನ್ಸಿಲ್‌ನಲ್ಲಿ ಗೀಟು ಎಳೆದಿದ್ದರು. ಕೆಳಗೆ ಅವರ ಕೈಬರಹ: 'ಊಟ ಮಾಡ್ರಿ, ಮಲಕ್ಕೊಳ್ರಿ, ಆರಕ್ಕೆ ಬಸ್ಸು.'